ಒಂದು ದಿನ ನೀರು ತಪ್ಪಿದರೆ ಹೂಕೋಸು ಏಕೆ ಕೈತಪ್ಪುತ್ತದೆ: ಸ್ಟಾರ್ಡ್ಯೂ ವ್ಯಾಲಿಯ ದಿನದ ಲೆಕ್ಕ

ಪ್ರಶ್ನೆ: ಸ್ಟಾರ್ಡ್ಯೂ ವ್ಯಾಲಿ ಆಟದಲ್ಲಿ ಮೊದಲ ವರ್ಷದ ವಸಂತದ 16ನೇ ತಾರೀಖು 30 ಹೂಕೋಸು ನೆಟ್ಟೆ. ಬೀಜದ ಮೇಲೆ 12 ದಿನ ಎಂದಿದ್ದರಿಂದ 28ಕ್ಕೆ ಕೊಯ್ಲು ಎಂದುಕೊಂಡಿದ್ದೆ. 20ರಂದು ಗಿಡಗಳಿಗೆ ನೀರು ಹಾಕಿ, ನೀರಿನ ಕ್ಯಾನನ್ನು ತಾಮ್ರದ್ದಾಗಿ ಮಾಡಿಸಲು ಕಮ್ಮಾರನಿಗೆ ಕೊಟ್ಟೆ. 21ರಂದು ಬಿಸಿಲಿತ್ತು. 22ರಂದು ಕ್ಯಾನ್ ತಂದು ಮತ್ತೆ ತಪ್ಪದೆ ನೀರು ಹಾಕಿದೆ. 28ರಂದೂ ಕೊಯ್ಲಿಗೆ ಬರಲಿಲ್ಲ. ಬೇಸಿಗೆಯ 1ರಂದು ನೋಡಿದರೆ ಎಲ್ಲವೂ ಒಣಗಿ ನಿಂತಿವೆ. ನಮ್ಮದು ಕೃಷಿಕರ ಮನೆ, ಒಂದು ದಿನ ನೀರು ತಪ್ಪಿದ್ದಕ್ಕೆ ಇಡೀ ಪಾತಿ ಹೋದದ್ದನ್ನು ನಾನು ಕಂಡಿಲ್ಲ. ಇದು ಆಟದ ದೋಷವೇ? ಒಳ್ಳೆಯ ಕ್ಯಾನ್ ಇದ್ದರೆ ಬೆಳೆ ಬೇಗ ಬರುತ್ತದೆ ಎಂದು ಒಬ್ಬ ಗೆಳೆಯ, ದಿನಕ್ಕೆ ಎರಡು ಸಲ ನೀರು ಹಾಕಬೇಕಿತ್ತು ಎಂದು ಇನ್ನೊಬ್ಬ ಹೇಳುತ್ತಾನೆ. ಮುಂದೆ ಕ್ಯಾನನ್ನೇ ಉತ್ತಮಗೊಳಿಸುತ್ತಾ ಹೋಗಲೇ, ಸ್ಪ್ರಿಂಕ್ಲರ್ ಹಾಕಲೇ?

ಉತ್ತರ: ಆಟದಲ್ಲಿ ದೋಷವೇನೂ ಇಲ್ಲ. ನೀವು ಕೊಟ್ಟಿರುವ ತಾರೀಖುಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕಿದರೆ ನಿಮ್ಮ ಹೂಕೋಸು ಬೇಸಿಗೆಯ 1ರ ಬೆಳಿಗ್ಗೆ ಕೊಯ್ಲಿಗೆ ಬರಬೇಕಿತ್ತು, ಮತ್ತು ವಸಂತದ ಬೆಳೆಗೆ ಬದುಕಿರಲು ಅವಕಾಶವಿಲ್ಲದ ಮೊದಲ ಬೆಳಿಗ್ಗೆಯೂ ಅದೇ ಆಗಿತ್ತು. ಗಿಡಗಳು ನೀರಿಲ್ಲದೆ ಒಣಗಲಿಲ್ಲ. ನೀರಿಲ್ಲದ ಒಂದು ದಿನ ಅವುಗಳ ಬೆಳವಣಿಗೆಯನ್ನು ಒಂದು ದಿನ ಮುಂದಕ್ಕೆ ತಳ್ಳಿತು, ಆ ಒಂದು ದಿನ ಋತುವಿನ ಗಡಿಯನ್ನು ದಾಟಿತು. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಿದರೆ ಮುಂದಿನ ನಿರ್ಧಾರ ಸುಲಭವಾಗುತ್ತದೆ.

ಮೊದಲು ಗಿಡ ಬೆಳೆಯುವ ರೀತಿಯನ್ನು ನೋಡೋಣ. ಆಟಗಳ ಒಳಗಿನ ಲೆಕ್ಕಾಚಾರವನ್ನು ರೂಪಿಸುವುದು ನನ್ನ ವೃತ್ತಿಯಾದ್ದರಿಂದ, ಇಂಥ ಪ್ರಶ್ನೆ ಬಂದಾಗ ನಾನು ಪರದೆಯ ಮೇಲಿನ ಚಿತ್ರವನ್ನು ಬಿಟ್ಟು ಅದರ ಹಿಂದಿನ ದತ್ತಾಂಶವನ್ನು ನೋಡುತ್ತೇನೆ. ಈ ಆಟದ ಈಗಿನ ಆವೃತ್ತಿಗಳಲ್ಲಿ ಬೆಳೆಗಳ ವಿವರ `Data/Crops` ಎಂಬ ಕಡತದಲ್ಲಿರುತ್ತದೆ. ಹೂಕೋಸಿನ ಮಟ್ಟಿಗೆ ನಮಗೆ ಬೇಕಾದ ಭಾಗ ಇಷ್ಟೇ:

```
"Seasons": [ "Spring" ],
"DaysInPhase": [ 1, 2, 4, 4, 1 ],
"RegrowDays": -1
```

ಮೊದಲ ಸಾಲು ಈ ಬೆಳೆ ಯಾವ ಋತುವಿನಲ್ಲಿ ಬದುಕಬಹುದು ಎಂಬುದನ್ನು ಹೇಳುತ್ತದೆ. ಎರಡನೆಯ ಸಾಲಿನಲ್ಲಿ ಗಿಡದ ಐದು ಹಂತಗಳಿವೆ: ಬೀಜದ ಹಂತಕ್ಕೆ ಒಂದು ದಿನ, ಮುಂದಿನದಕ್ಕೆ ಎರಡು, ಆಮೇಲೆ ನಾಲ್ಕು, ಮತ್ತೆ ನಾಲ್ಕು, ಕೊನೆಗೆ ಒಂದು. ಒಟ್ಟು 12. ಮೂರನೆಯ ಸಾಲಿನ ಋಣಸಂಖ್ಯೆಯ ಅರ್ಥ, ಒಮ್ಮೆ ಕೊಯ್ದರೆ ಗಿಡ ಮುಗಿಯಿತು, ಮತ್ತೆ ಫಲ ಬಿಡುವುದಿಲ್ಲ ಎಂದು. ನೀರಿನ ಪ್ರಮಾಣಕ್ಕಾಗಲಿ, ಮಣ್ಣಿನ ತೇವ ಎಷ್ಟಿದೆ ಎಂಬ ಅಳತೆಗಾಗಲಿ ಇಲ್ಲಿ ಜಾಗವೇ ಇಲ್ಲ.

ನೀವು ಮಲಗಿದಾಗ ಆಟವು ದಿನವನ್ನು ಮುಗಿಸಿ, ಪ್ರತಿಯೊಂದು ಗಿಡದ ಬುಡದ ಚೌಕವನ್ನು ನೋಡಿ ಒಂದೇ ಪ್ರಶ್ನೆ ಕೇಳುತ್ತದೆ: ಮಣ್ಣು ಒದ್ದೆಯಾಗಿದೆಯೇ, ಇಲ್ಲವೇ? ಒದ್ದೆಯಾಗಿದ್ದರೆ ಗಿಡದ ಲೆಕ್ಕಕ್ಕೆ ಒಂದು ದಿನ ಸೇರುತ್ತದೆ. ಇಲ್ಲದಿದ್ದರೆ ಏನೂ ಸೇರುವುದಿಲ್ಲ, ಏನೂ ಕಳೆಯುವುದೂ ಇಲ್ಲ. ಗಿಡ ನಿನ್ನೆ ಎಲ್ಲಿತ್ತೋ ಅಲ್ಲಿಯೇ ನಿಲ್ಲುತ್ತದೆ. ಅದಾದ ಮೇಲೆ ಮಣ್ಣು ಸಾಮಾನ್ಯವಾಗಿ ಒಣಗಿ, ಹೊಸ ಬೆಳಿಗ್ಗೆಗೆ ಹೊಸ ನೀರು ಬೇಕಾಗುತ್ತದೆ. ಹಾಜರಿ ಪುಸ್ತಕದಂತೆ, ಬಂದಿದ್ದರೆ ಒಂದು ಗೆರೆ, ಇಲ್ಲದಿದ್ದರೆ ಖಾಲಿ. ಎಷ್ಟು ಹೊತ್ತಿಗೆ ಬಂದರು ಎಂಬುದನ್ನು ಯಾರೂ ಬರೆದುಕೊಳ್ಳುವುದಿಲ್ಲ.

ನಿಮ್ಮ ಇಬ್ಬರು ಗೆಳೆಯರ ಮಾತು ಇಲ್ಲಿಯೇ ಇತ್ಯರ್ಥವಾಗುತ್ತದೆ. ಒದ್ದೆಯಾದ ಮಣ್ಣಿಗೆ ಎರಡನೆಯ ಸಲ ನೀರು ಹಾಕಿದರೆ ಅದು ಇನ್ನೂ ಹೆಚ್ಚು ಒದ್ದೆಯಾಗುವುದಿಲ್ಲ. ಕ್ಯಾನಿನ ನೀರೂ ನಿಮ್ಮ ಪಾತ್ರದ ಶಕ್ತಿಯೂ ವ್ಯರ್ಥವಾಗುತ್ತವೆ, ಅಷ್ಟೇ. ಬೆಳಿಗ್ಗೆ ಆರಕ್ಕೆ ಹಾಕಿದ ನೀರಿಗೂ ಮಧ್ಯರಾತ್ರಿಗೆ ಮುನ್ನ ಹಾಕಿದ ನೀರಿಗೂ ವ್ಯತ್ಯಾಸವಿಲ್ಲ. ಸಂಜೆ ತಡವಾಗಿ ನೆಟ್ಟು ಆಗಲೇ ನೀರು ಹಾಕಿದರೂ ಆ ದಿನ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಮಳೆಯ ನೀರು, ಸ್ಪ್ರಿಂಕ್ಲರಿನ ನೀರು, ತಗಡಿನ ಕ್ಯಾನಿನ ನೀರು, ಇರಿಡಿಯಂ ಕ್ಯಾನಿನ ನೀರು ಎಲ್ಲವೂ ಆಟದ ಕಣ್ಣಿಗೆ ಒಂದೇ. ಹಾಗಾಗಿ ಉತ್ತಮ ಕ್ಯಾನ್ ಬೆಳೆಯನ್ನು ಬೇಗ ತರುವುದಿಲ್ಲ. ನೀರು ತಪ್ಪಿದರೆ ಫಸಲಿನ ಗುಣಮಟ್ಟ ಇಳಿಯುತ್ತದೆ ಎಂಬ ಇನ್ನೊಂದು ನಂಬಿಕೆಯನ್ನೂ ಆಗಾಗ ಕೇಳುತ್ತೇನೆ. ಅದೂ ನಿಜವಲ್ಲ, ಬೆಳ್ಳಿ, ಚಿನ್ನದ ನಕ್ಷತ್ರಗಳು ಬರುವುದು ನಿಮ್ಮ ಕೃಷಿ ಕೌಶಲದ ಮಟ್ಟ, ಮಣ್ಣಿಗೆ ಹಾಕಿದ ಗೊಬ್ಬರ ಮತ್ತು ಅದೃಷ್ಟವನ್ನು ಅವಲಂಬಿಸಿ.

ಹೊಲದ ಅನುಭವವಿರುವ ನಿಮಗೆ ಇದು ತಲೆಕೆಳಗಾಗಿ ಕಾಣುವುದು ಸಹಜ. ನಿಜವಾದ ಹೂಕೋಸು ಒಂದು ದಿನದ ಕೊರತೆಯನ್ನು ತಾಳಿಕೊಳ್ಳುತ್ತದೆ. ಆದರೆ ಎಳೆಯ ವಯಸ್ಸಿನಲ್ಲಿ ನೀರಿಗೋ ಪೋಷಕಾಂಶಕ್ಕೋ ಬಹಳ ಕಾಲ ಪರದಾಡಿದರೆ ಗಿಡ ಬೆಳೆಯುವ ಮೊದಲೇ ಗುಂಡಿಯಷ್ಟು ಸಣ್ಣ ಹೂ ಕಟ್ಟಿ ನಿಂತುಬಿಡುತ್ತದೆ. ಅಂದರೆ ಹೊಲದಲ್ಲಿ ನೀರಿನ ಕೊರತೆ ಇಳುವರಿಯನ್ನು ತಿನ್ನುತ್ತದೆ. ಆಟದಲ್ಲಿ ಅದು ದಿನವನ್ನು ಮಾತ್ರ ತಿನ್ನುತ್ತದೆ. ಇದನ್ನು ಬೇಕೆಂದೇ ಹೀಗೆ ಸರಳಗೊಳಿಸಲಾಗಿದೆ ಎಂಬುದು ನನ್ನ ಅಭಿಪ್ರಾಯ. ಗಿಡವೇ ಸಾಯುವಂತಿದ್ದರೆ, ಗಣಿಯಲ್ಲಿ ಹೊತ್ತು ಹೋಗಿ ಒಂದು ದಿನ ಮರೆತ ಆಟಗಾರ ಬೇಸತ್ತು ಆಟವನ್ನೇ ಬಿಡಬಹುದು. ಇಳುವರಿ ಸ್ವಲ್ಪ ಸ್ವಲ್ಪ ಕಡಿಮೆಯಾಗುವಂತಿದ್ದರೆ, ಏಕೆ ಕಡಿಮೆಯಾಯಿತು ಎಂಬುದು ಅವನಿಗೆ ತಿಳಿಯುವುದೇ ಇಲ್ಲ. ಒಂದು ದಿನ ತಡ ಎನ್ನುವುದು ಬೆರಳೆಣಿಸಿ ತಿಳಿಯಬಹುದಾದ ದಂಡ.

ಈ ದಂಡಕ್ಕೆ ಬೆಲೆ ಬರುವುದು ಋತುವಿನಿಂದ. ಆಟದಲ್ಲಿ ನಾಲ್ಕು ಋತುಗಳು, ಪ್ರತಿಯೊಂದಕ್ಕೂ ಸರಿಯಾಗಿ 28 ದಿನ. 28ರ ರಾತ್ರಿ ಕಳೆದು ಹೊಸ ಋತುವಿನ 1ನೇ ತಾರೀಖು ಬಂದ ಕೂಡಲೇ, ಆ ಋತುವಿಗೆ ಸೇರದ ಹೊರಾಂಗಣದ ಬೆಳೆಗಳೆಲ್ಲ ಒಣಗುತ್ತವೆ. ಇನ್ನೊಂದೇ ದಿನ ಬಾಕಿಯಿತ್ತು ಎಂಬ ರಿಯಾಯಿತಿ ಇಲ್ಲ. ಒಂದಕ್ಕಿಂತ ಹೆಚ್ಚು ಋತುಗಳಿಗೆ ಸೇರಿದ ಕೆಲವು ಬೆಳೆಗಳು ಮಾತ್ರ ದಾಟುತ್ತವೆ: ಮೆಕ್ಕೆಜೋಳ, ಸೂರ್ಯಕಾಂತಿ, ಗೋಧಿ ಬೇಸಿಗೆಯಿಂದ ಶರತ್ಕಾಲಕ್ಕೆ, ಕಾಫಿ ವಸಂತದಿಂದ ಬೇಸಿಗೆಗೆ. ಹಸಿರುಮನೆಯ ಒಳಗೆ ಋತುವಿನ ಕಾಟವಿಲ್ಲ, ಆದರೆ ಮೊದಲ ವಸಂತದಲ್ಲಿ ಅದು ನಿಮಗೆ ಸಿಕ್ಕಿರುವುದಿಲ್ಲ.

ಈಗ ನಿಮ್ಮ ಪಾತಿಯನ್ನೇ ಎಣಿಸೋಣ. 16ರಂದು ನೆಟ್ಟು ನೀರು ಹಾಕಿದಿರಿ. 17ರ ಬೆಳಿಗ್ಗೆಗೆ ಒಂದು ದಿನ ಸಂದಿತು. 17, 18, 19, 20ರ ನೀರು ಸೇರಿ 21ರ ಬೆಳಿಗ್ಗೆಗೆ ಐದಾಯಿತು. 21ರಂದು ಕ್ಯಾನ್ ನಿಮ್ಮ ಕೈಯಲ್ಲಿರಲಿಲ್ಲ, ಮಳೆಯೂ ಬರಲಿಲ್ಲ. 22ರ ಬೆಳಿಗ್ಗೆಯೂ ಐದೇ. 22ರಿಂದ 27ರವರೆಗೆ ಆರು ದಿನ ತಪ್ಪದೆ ಹಾಕಿದ್ದರಿಂದ 28ರ ಬೆಳಿಗ್ಗೆಗೆ ಹನ್ನೊಂದು. ಗಿಡಗಳು ಐದನೆಯ ಹಂತಕ್ಕೆ ಆಗತಾನೇ ಬಂದಿದ್ದವು, ಆ ಹಂತದ ಒಂದೇ ದಿನ ಬಾಕಿ ಇತ್ತು. 28ರಂದು ನೀವು ಹಾಕಿದ ನೀರು ಹನ್ನೆರಡನೆಯದಾಗಬೇಕಿತ್ತು, ಆದರೆ ಅದನ್ನು ಎಣಿಸುವ ರಾತ್ರಿಯೇ ಋತು ಬದಲಾಗುವ ರಾತ್ರಿ. 21ರಂದು ಮಳೆ ಬಂದಿದ್ದರೆ 28ರ ಬೆಳಿಗ್ಗೆ ಮೂವತ್ತೂ ಹೂಕೋಸು ನಿಮ್ಮ ಬುಟ್ಟಿಯಲ್ಲಿರುತ್ತಿದ್ದವು. ಬೀಜಕ್ಕೆ ತಲಾ 80ರಂತೆ 2,400 ನಾಣ್ಯ ಹೋಯಿತು. ಸಾಮಾನ್ಯ ಗುಣಮಟ್ಟದ ಹೂಕೋಸಿನ ಬೆಲೆ 175 ಆದ್ದರಿಂದ ಕೈಗೆ ಬರಬೇಕಿದ್ದ 5,250 ನಾಣ್ಯವೂ ಬರಲಿಲ್ಲ.

ಕಂಪ್ಯೂಟರಿನಲ್ಲಿ ಆಡುವವರಾದರೆ ಆಟ ಹಿಂದಿನ ದಿನ ಉಳಿಸಿಟ್ಟ ಕಡತ ಹೆಸರಿನ ಕೊನೆಯಲ್ಲಿ `_old` ಎಂದು ಇರುತ್ತದೆ, ಅದನ್ನು ಮರಳಿ ತಂದರೆ ಪಾತಿ ಉಳಿಯಬಹುದೇ ಎಂದು ನೀವು ಕೇಳಬಹುದು. ಉಳಿಯುವುದಿಲ್ಲ. ಆ ಕಡತ ನಿಮ್ಮನ್ನು 28ರ ಬೆಳಿಗ್ಗೆಗೆ ಕರೆದೊಯ್ಯುತ್ತದೆ, ಆಗಲೂ ಗಿಡ ಹನ್ನೊಂದರಲ್ಲೇ ಇರುತ್ತದೆ. ಕುಡುಗೋಲಿನಿಂದ ಒಣಗಿದ ಗಿಡಗಳನ್ನು ತೆಗೆದು ಬೇಸಿಗೆಯ ಬೀಜ ಹಾಕುವುದೇ ಈಗ ಉಳಿದಿರುವ ಕೆಲಸ.

ಬೀಜ ಕೊಳ್ಳುವಾಗ ಬೆಲೆಗಿಂತ ಮೊದಲು ನೋಡಬೇಕಾದ ಒಂದು ಸಂಖ್ಯೆ ಇದೆ. ನಾನು ಅದನ್ನು ಉಳಿಕೆ ದಿನ ಎನ್ನುತ್ತೇನೆ. ನೆಡುವ ತಾರೀಖಿಗೆ ಬೆಳೆಯ ದಿನಗಳನ್ನು ಕೂಡಿಸಿ, ಬಂದ ಮೊತ್ತವನ್ನು 28ರಿಂದ ಕಳೆದರೆ ಸಿಗುವುದು ಅದು. 16ಕ್ಕೆ ನೆಟ್ಟ ಹೂಕೋಸಿಗೆ 16 ಮತ್ತು 12 ಸೇರಿ 28, ಉಳಿಕೆ ಸೊನ್ನೆ. ಅಂದರೆ ಆ ಪಾತಿಗೆ ಒಂದೇ ಒಂದು ಒಣ ದಿನವನ್ನೂ ತಾಳುವ ಶಕ್ತಿ ಇರಲಿಲ್ಲ, ಆ ಅವಧಿಯಲ್ಲಿ ಕ್ಯಾನನ್ನು ಕೈಬಿಡಬಾರದಿತ್ತು. ಅದೇ ದಿನ 6 ದಿನದ ಆಲೂಗಡ್ಡೆ ನೆಟ್ಟಿದ್ದರೆ 22ಕ್ಕೆ ಬರುತ್ತಿತ್ತು, ಉಳಿಕೆ ಆರು ದಿನ. ಕಮ್ಮಾರನ ಹತ್ತಿರ ಕ್ಯಾನ್ ಎರಡು ಸಲ ಹೋಗಿ ಬಂದರೂ ತೊಂದರೆಯಾಗುತ್ತಿರಲಿಲ್ಲ.

ಮತ್ತೆ ಮತ್ತೆ ಫಲ ಬಿಡುವ ಬೆಳೆಗಳಲ್ಲಿ ಈ ಲೆಕ್ಕ ಸ್ವಲ್ಪ ಬೇರೆ, ಹೆಚ್ಚು ಸ್ವಾರಸ್ಯದ್ದೂ ಹೌದು. ವಸಂತದ 1ರಂದು ನೆಟ್ಟ ಹುರುಳಿಕಾಯಿ 10 ದಿನಕ್ಕೆ ಮೊದಲ ಫಲ ಕೊಟ್ಟು, ಆಮೇಲೆ ಮೂರು ದಿನಕ್ಕೊಮ್ಮೆ ಬಿಡುತ್ತದೆ: 11, 14, 17, 20, 23, 26. ಒಟ್ಟು ಆರು ಕೊಯ್ಲು. ನಡುವೆ ಎರಡು ಒಣ ದಿನ ಬಂದರೆ ಕೊನೆಯ ಕೊಯ್ಲು 26ರ ಬದಲು 28ಕ್ಕೆ ಹೋಗುತ್ತದೆಯೇ ಹೊರತು ಕೊಯ್ಲಿನ ಸಂಖ್ಯೆ ಕಡಿಮೆಯಾಗುವುದಿಲ್ಲ. ಮೂರನೆಯ ಒಣ ದಿನ ಬಂದಾಗ ಮಾತ್ರ ಒಂದು ಇಡೀ ಕೊಯ್ಲು ಕೈತಪ್ಪುತ್ತದೆ. ಇದಕ್ಕೆ ಪ್ರತಿಯಾಗಿ ಸ್ಟ್ರಾಬೆರಿಯನ್ನು ನೋಡಿ: ವಸಂತದ 13ರ ಮೊಟ್ಟೆ ಹಬ್ಬದಲ್ಲಿ ಬೀಜ ಕೊಂಡು 16ರಂದು ನೆಟ್ಟರೆ 8 ದಿನಕ್ಕೆ, ಅಂದರೆ 24ಕ್ಕೆ ಒಂದು ಕೊಯ್ಲು, ನಾಲ್ಕು ದಿನ ಬಿಟ್ಟು 28ಕ್ಕೆ ಇನ್ನೊಂದು. ಒಂದೇ ದಿನ ನೀರು ತಪ್ಪಿದರೂ ಅರ್ಧ ಫಸಲು ಹೋಯಿತು. ಹಬ್ಬದ ರಾತ್ರಿಯೇ ನೆಟ್ಟು ನೀರು ಹಾಕಿದ್ದರೆ 21 ಮತ್ತು 25ಕ್ಕೆ ಕೊಯ್ಲು, ಮೂರು ದಿನ ಉಳಿಕೆ.

ಹಾಗಾದರೆ ಸಾಧನವನ್ನು ಉತ್ತಮಗೊಳಿಸುವುದರಿಂದ ಪ್ರಯೋಜನವೇನು? ಅದು ಗಿಡವನ್ನು ಮುಟ್ಟುವುದಿಲ್ಲ, ನಿಮ್ಮ ಹೊತ್ತನ್ನೂ ಶಕ್ತಿಯನ್ನೂ ಉಳಿಸುತ್ತದೆ. ಆಟದ ಆರಂಭದಲ್ಲಿ ನಿಮ್ಮ ಪಾತ್ರಕ್ಕಿರುವ ಶಕ್ತಿ 270. ಮೊದಲ ಕ್ಯಾನಿನಲ್ಲಿ ಒಂದು ಚೌಕಕ್ಕೆ ನೀರು ಹಾಕಲು ಸುಮಾರು ಎರಡರಷ್ಟು ಶಕ್ತಿ ಬೇಕು, ಕೃಷಿ ಕೌಶಲ ಏರಿದಂತೆ ಇದು ಅಲ್ಪಸ್ವಲ್ಪ ಇಳಿಯುತ್ತದೆ. 30 ಗಿಡಕ್ಕೆ ಪ್ರತಿದಿನ ಹತ್ತಿರ ಹತ್ತಿರ 60, ಅಂದರೆ ದಿನದ ಶಕ್ತಿಯ ಐದನೆಯ ಒಂದು ಪಾಲಿಗಿಂತ ಹೆಚ್ಚು ಬರೀ ನೀರಿಗೇ ಹೋಗುತ್ತದೆ. ತಾಮ್ರದ ಕ್ಯಾನನ್ನು ಗುಂಡಿ ಒತ್ತಿ ಹಿಡಿದು ಬಿಟ್ಟರೆ ಎದುರಿನ ಸಾಲಿನಲ್ಲಿ ಮೂರು ಚೌಕ ಒಮ್ಮೆಲೇ ನೆನೆಯುತ್ತವೆ, ಉಕ್ಕಿನದರಲ್ಲಿ ಐದು, ಚಿನ್ನದ್ದರಲ್ಲಿ ಮೂರಕ್ಕೆ ಮೂರರ ಒಂಬತ್ತು, ಇರಿಡಿಯಂನಲ್ಲಿ ಮೂರಕ್ಕೆ ಆರರ ಹದಿನೆಂಟು. ನಿಮ್ಮ ಮೂವತ್ತು ಗಿಡಗಳ ಕೆಲಸ ತಾಮ್ರದಲ್ಲಿ ಹತ್ತು ಬೀಸಿಗೆ, ಉಕ್ಕಿನಲ್ಲಿ ಆರು ಬೀಸಿಗೆ ಮುಗಿಯುತ್ತದೆ. ಹೀಗೆ ಉಳಿದ ಶಕ್ತಿಯನ್ನು ಗಣಿಯಲ್ಲೋ ಮರ ಕಡಿಯುವುದರಲ್ಲೋ ತೊಡಗಿಸಬಹುದು, ಇಲ್ಲವೇ ಹೆಚ್ಚು ಗಿಡ ನೆಡಬಹುದು. ಬೆಳೆ ಹೆಚ್ಚುವುದು ಈ ಸುತ್ತುದಾರಿಯಿಂದ, ನೇರವಾಗಿ ಅಲ್ಲ. ನಿಮ್ಮ ಗೆಳೆಯನ ನಂಬಿಕೆ ಹುಟ್ಟಿದ್ದೂ ಪ್ರಾಯಶಃ ಇಲ್ಲಿಂದಲೇ.

ಇದರ ಜೊತೆಗೇ ಬರುವ ಒಂದು ತೊಡಕನ್ನೂ ಹೇಳಬೇಕು. ಮೂರು ಚೌಕದ ಬೀಸು ಒಂದು ಹೆಜ್ಜೆ ಆಚೀಚೆಯಾದರೆ ಕೊನೆಯ ಗಿಡದ ಮಣ್ಣು ಒಣಗಿಯೇ ಉಳಿಯುತ್ತದೆ, ಮತ್ತು ಮೂವತ್ತರ ನಡುವೆ ಅದು ಕಣ್ಣಿಗೆ ಬೀಳುವುದಿಲ್ಲ. ಒದ್ದೆಯಾದ ಮಣ್ಣು ಕಪ್ಪಾಗಿಯೂ ಒಣ ಮಣ್ಣು ತಿಳಿಯಾಗಿಯೂ ಕಾಣುತ್ತದೆ. ಕ್ಯಾನ್ ಕೆಳಗಿಡುವ ಮೊದಲು ಪಾತಿಯನ್ನು ಒಮ್ಮೆ ಕಣ್ಣಾಡಿಸಿ. ಒಂದೇ ದಿನ ನೆಟ್ಟ ಒಂದೇ ಬೆಳೆಯಲ್ಲಿ ಕೆಲವು ಗಿಡಗಳು ಮಾತ್ರ ಚಿಕ್ಕದಾಗಿ ಕಂಡರೆ, ಆ ಚೌಕಗಳಿಗೆ ಹಿಂದೆ ಎಂದೋ ನೀರು ತಪ್ಪಿದೆ ಎಂದೇ ಅರ್ಥ. ಪಾತಿಯ ಅಗಲವನ್ನು ಕ್ಯಾನಿನ ಅಳತೆಗೆ ಹೊಂದಿಸಿಕೊಂಡರೆ, ತಾಮ್ರಕ್ಕೆ ಮೂರು ಸಾಲು, ಉಕ್ಕಿಗೆ ಐದು ಸಾಲು ಎಂಬಂತೆ, ಈ ತಪ್ಪು ಬಹುತೇಕ ನಿಲ್ಲುತ್ತದೆ.

ಕ್ಯಾನ್ ಉತ್ತಮಗೊಳಿಸುವುದಕ್ಕೆ ತಾಮ್ರಕ್ಕಾದರೆ 2,000 ನಾಣ್ಯ, ಉಕ್ಕಿಗೆ 5,000, ಚಿನ್ನಕ್ಕೆ 10,000, ಇರಿಡಿಯಂಗೆ 25,000. ಪ್ರತಿಯೊಂದಕ್ಕೂ ಆಯಾ ಲೋಹದ ಐದು ಗಟ್ಟಿ, ಉಕ್ಕಿನ ಕ್ಯಾನಿಗಾದರೆ ಕಬ್ಬಿಣದ ಗಟ್ಟಿ. ನಡುವಿನ ಮೆಟ್ಟಿಲನ್ನು ಹಾರಲಾಗುವುದಿಲ್ಲ. ನೀವು ಎಣಿಸದೆ ಬಿಟ್ಟ ಖರ್ಚು ಕ್ಯಾನ್ ಕಮ್ಮಾರನ ಬಳಿ ಇರುವ ಎರಡು ದಿನಗಳದ್ದು. ಒಂದು ಸಮಾಧಾನವೆಂದರೆ, ಕೊಡುವ ದಿನ ಬೆಳಿಗ್ಗೆ ನೀರು ಹಾಕಿ, ಮರಳಿ ತರುವ ದಿನವೂ ತಂದ ಮೇಲೆ ಹಾಕಿದರೆ, ನಡುವಿನ ಒಂದೇ ದಿನ ನೀರು ತಪ್ಪುತ್ತದೆ. ಕಮ್ಮಾರ ಕ್ಲಿಂಟನ ಅಂಗಡಿ ಬೆಳಿಗ್ಗೆ 9ಕ್ಕೆ ತೆರೆದು ಸಂಜೆ 4ಕ್ಕೆ ಮುಚ್ಚುವುದರಿಂದ ಇದಕ್ಕೆ ಬೇಕಾದಷ್ಟು ಹೊತ್ತು ಇರುತ್ತದೆ. ಆ ನಡುವಿನ ದಿನವನ್ನು ಎಲ್ಲಿ ಇಡುತ್ತೀರಿ ಎಂಬುದೇ ಇಲ್ಲಿರುವ ಜಾಣತನ.

ಒಳ್ಳೆಯ ಮಾರ್ಗ ಮಳೆಯದು. ಮನೆಯ ಟೀವಿ ಪ್ರತಿದಿನ ಮರುದಿನದ ಹವಾಮಾನವನ್ನು ಹೇಳುತ್ತದೆ, ಮತ್ತು ಅದು ಹೇಳಿದ್ದು ತಪ್ಪುವುದಿಲ್ಲ. ನಾಳೆ ಮಳೆ ಎಂದು ಕೇಳಿದ ದಿನ ಬೆಳಿಗ್ಗೆ ನೀರು ಹಾಕಿ ಕ್ಯಾನನ್ನು ಕೊಡಿ. ನಾಳೆ ಮಳೆಯೇ ನೀರು ಹಾಕುತ್ತದೆ, ನಾಡಿದ್ದು ಕ್ಯಾನ್ ಸಿದ್ಧ. ಅನೇಕರು ಮಳೆ ಸುರಿಯುತ್ತಿರುವ ದಿನವೇ ಕೊಂಡೊಯ್ದು ಕೊಟ್ಟು ಮರುದಿನದ ಬಿಸಿಲಿಗೆ ಸಿಕ್ಕಿಬೀಳುತ್ತಾರೆ. ಮಳೆ ಬೇಕಾದದ್ದು ಕೊಟ್ಟ ಮರುದಿನ. ಈ ಮಾರ್ಗದ ಕೊರತೆಯೆಂದರೆ, ನಿಮ್ಮ ಬಳಿ ಹಣವೂ ಗಟ್ಟಿಗಳೂ ಸಿದ್ಧವಾದ ವಾರದಲ್ಲೇ ಮಳೆ ಬರುತ್ತದೆ ಎಂಬ ಭರವಸೆ ಇಲ್ಲ.

ಮಳೆಗೆ ಕಾಯಲಾಗದಿದ್ದರೆ ಋತುವಿನ 27ನೇ ತಾರೀಖನ್ನು ಬಳಸಿಕೊಳ್ಳಿ. 28ಕ್ಕೆ ಬರಬೇಕಾದ ಬೆಳೆಗಳಿಗೆ 27ರ ನೀರೇ ಕೊನೆಯದು. 27ರಂದು ನೀರು ಹಾಕಿ ಕ್ಯಾನ್ ಕೊಟ್ಟರೆ 28ರ ಒಣ ದಿನದಿಂದ ಏನೂ ನಷ್ಟವಿಲ್ಲ, ಏಕೆಂದರೆ ಆ ರಾತ್ರಿ ಉಳಿದ ಗಿಡಗಳು ಹೇಗಿದ್ದರೂ ಹೋಗುವಂಥವು. ಹೊಸ ಋತುವಿನ 1ರಂದು ಕ್ಯಾನ್ ತಂದು ಹೊಸ ಬೀಜಕ್ಕೆ ನೀರು ಹಾಕಬಹುದು. ಬೇಸಿಗೆಯಿಂದ ಶರತ್ಕಾಲಕ್ಕೆ ದಾಟುವ ಮೆಕ್ಕೆಜೋಳದಂಥ ಬೆಳೆಯಿದ್ದರೆ ಮಾತ್ರ ಅದಕ್ಕೆ ಒಂದು ದಿನ ತಡವಾಗುತ್ತದೆ. 28ರಂದು ಕೊಡುವುದು ಬೇಡ. ಆಗ ಹೊಸ ಋತುವಿನ ಮೊದಲ ದಿನವೇ ಕೈಬಿಟ್ಟುಹೋಗುತ್ತದೆ, ಆ ದಿನ ಮಳೆಯೂ ಇರುವುದಿಲ್ಲ. ಚಳಿಗಾಲದಲ್ಲಂತೂ ಹೊರಗೆ ಹೆಚ್ಚಿನ ಬೆಳೆ ಇರದ ಕಾರಣ ಯಾವ ದಿನ ಕೊಟ್ಟರೂ ನಡೆಯುತ್ತದೆ, ಆದರೆ ಮೂರು ಋತು ಹಳೆಯ ಕ್ಯಾನಿನಲ್ಲೇ ದುಡಿದು ಅಲ್ಲಿಯವರೆಗೆ ಕಾಯುವುದು ನನಗೆ ಬುದ್ಧಿವಂತಿಕೆಯಾಗಿ ಕಾಣುವುದಿಲ್ಲ.

ಸ್ಪ್ರಿಂಕ್ಲರ್ ಇದಕ್ಕಿಂತ ಬೇರೆ ಬಗೆಯ ಪರಿಹಾರ. ಅದು ಪ್ರತಿ ಬೆಳಿಗ್ಗೆ ತಾನಾಗಿ ಸುತ್ತಲಿನ ಚೌಕಗಳನ್ನು ನೆನೆಸುವುದರಿಂದ, ಮರೆವಿಗೂ ಕಮ್ಮಾರನ ಎರಡು ದಿನಕ್ಕೂ ಅವಕಾಶವೇ ಇಲ್ಲ. ಕೃಷಿ ಕೌಶಲ 2ನೇ ಮಟ್ಟಕ್ಕೆ ಬಂದಾಗ ಸಿಗುವ ಮೊದಲ ಸ್ಪ್ರಿಂಕ್ಲರ್ ನಾಲ್ಕು ಚೌಕಗಳನ್ನು ಮಾತ್ರ ನೆನೆಸುತ್ತದೆ, ಅದೂ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ. ಒಂದಕ್ಕೆ ಒಂದು ತಾಮ್ರದ ಗಟ್ಟಿ, ಒಂದು ಕಬ್ಬಿಣದ ಗಟ್ಟಿ ಬೇಕು. ನಿಮ್ಮ ಮೂವತ್ತು ಗಿಡಕ್ಕೆ ಎಂಟು ಸ್ಪ್ರಿಂಕ್ಲರ್, ಅಂದರೆ ಎಂಟೆಂಟು ಗಟ್ಟಿ. ಪ್ರತಿ ಗಟ್ಟಿಗೆ ಐದು ಅದಿರು, ಒಂದು ಕಲ್ಲಿದ್ದಲು; ಕಬ್ಬಿಣದ ಅದಿರಿಗಾಗಿ ಗಣಿಯ 40ನೇ ಮಹಡಿಯ ಆಚೆಗೆ ಇಳಿಯಬೇಕು. ಇಷ್ಟು ಮಾಡಿದರೂ ಕೂಡಿಸುವ ಚಿಹ್ನೆಯ ಆಕಾರದಲ್ಲಿ ನೆನೆಯುವ ಚೌಕಗಳನ್ನು ಹೊಂದಿಸುವುದು ಕಿರಿಕಿರಿ. 6ನೇ ಮಟ್ಟದಲ್ಲಿ ಸಿಗುವ ಉತ್ತಮ ಸ್ಪ್ರಿಂಕ್ಲರ್ ಸುತ್ತಲಿನ ಎಂಟೂ ಚೌಕಗಳನ್ನು ನೆನೆಸುತ್ತದೆ. ನಾಲ್ಕಿದ್ದರೆ ನಿಮ್ಮ ಪಾತಿಗೆ ಸಾಕು. ಅದಕ್ಕೆ ಕಬ್ಬಿಣ, ಚಿನ್ನದ ಒಂದೊಂದು ಗಟ್ಟಿ ಮತ್ತು ಸಂಸ್ಕರಿಸಿದ ಒಂದು ಸ್ಫಟಿಕ ಬೇಕು. ನನ್ನನ್ನು ಕೇಳಿದರೆ ಮೊದಲ ಬಗೆಯದಕ್ಕೆ ಹೆಚ್ಚು ಲೋಹ ಸುರಿಯದೆ ಈ ಎರಡನೆಯದಕ್ಕೆ ಕಾಯುವುದು ಲೇಸು. ಅದು ಬಂದ ಮೇಲೆ ಚಿನ್ನದ, ಇರಿಡಿಯಂ ಕ್ಯಾನುಗಳ ಅಗತ್ಯ ಬಹಳ ಕಡಿಮೆಯಾಗುತ್ತದೆ, ಆದ್ದರಿಂದ 35,000 ನಾಣ್ಯವನ್ನು ಆ ಎರಡಕ್ಕೆ ಹಾಕಲು ಅವಸರಪಡಬೇಡಿ.

ಬೆಳೆಯನ್ನೇ ಬೇಗ ತರುವ ಸ್ಪೀಡ್-ಗ್ರೋ ಎಂಬ ಗೊಬ್ಬರವೂ ಇದೆ. ಬೆಳವಣಿಗೆಯ ಅವಧಿಯನ್ನು ನಿಜವಾಗಿ ಕಡಿಮೆ ಮಾಡುವುದು ಇಂಥದ್ದು. ಹೂಕೋಸಿನಲ್ಲಿ ಒಂದೆರಡು ದಿನ ಉಳಿಯುತ್ತಿತ್ತು. ಆದರೆ ಅಂಗಡಿಯಲ್ಲಿ ಒಂದು ಚೌಕಕ್ಕೆ 100 ನಾಣ್ಯ, ಅಂದರೆ 80 ನಾಣ್ಯದ ಬೀಜಕ್ಕಿಂತ ದುಬಾರಿ. ನೀವು ಎರಡು ದಿನ ಮೊದಲು ನೆಟ್ಟಿದ್ದರೆ ಆ 3,000 ನಾಣ್ಯದ ಕೆಲಸ ಪುಕ್ಕಟೆಯಾಗಿ ಆಗುತ್ತಿತ್ತು. ತೇವ ಹಿಡಿದಿಡುವ ಮಣ್ಣೂ ಸಿಗುತ್ತದೆ, ಆದರೆ ಅದರ ಮೊದಲ ದರ್ಜೆಯದು ರಾತ್ರಿ ಕಳೆದರೂ ಒದ್ದೆಯಾಗಿ ಉಳಿಯುವ ಸಾಧ್ಯತೆ ಶೇಕಡಾ 33 ಮಾತ್ರ. ಉಳಿಕೆ ಸೊನ್ನೆ ಇರುವ ಪಾತಿಯನ್ನು ಅದರ ಮೇಲೆ ನಂಬಿ ಬಿಡುವುದು ತರವಲ್ಲ.

ಈಗ ನೀವು ಬೇಸಿಗೆಯ ಆರಂಭದಲ್ಲಿ, ತಾಮ್ರದ ಕ್ಯಾನಿನೊಡನೆ ಇದ್ದೀರಿ. 1ರಂದೇ ಬ್ಲೂಬೆರಿ ನೆಡುವುದಾದರೆ ಅದು 13 ದಿನಕ್ಕೆ ಬಂದು ನಾಲ್ಕು ದಿನಕ್ಕೊಮ್ಮೆ ಫಲ ಕೊಡುತ್ತದೆ: 14, 18, 22, 26. ಎರಡು ದಿನ ಉಳಿಕೆ ಇರುವುದರಿಂದ ಒಂದು ಒಣ ದಿನವನ್ನು ನಿರಾತಂಕವಾಗಿ ತಾಳುತ್ತದೆ. ಹಾಗಿದ್ದೂ ಆ ದಿನವನ್ನು ಖರ್ಚು ಮಾಡಬೇಕಾಗಿಲ್ಲ, ಏಕೆಂದರೆ ಬೇಸಿಗೆಯ 13 ಮತ್ತು 26ರಂದು ಗುಡುಗು ಮಳೆ ನಿಶ್ಚಿತ. 5,000 ನಾಣ್ಯವನ್ನೂ ಕಬ್ಬಿಣದ ಐದು ಗಟ್ಟಿಗಳನ್ನೂ 12ರೊಳಗೆ ಕೂಡಿಸಿದರೆ, ಆ ಬೆಳಿಗ್ಗೆ ನೀರು ಹಾಕಿ ಕ್ಯಾನ್ ಕೊಡಿ; 14ರಂದು ಮೊದಲ ಬ್ಲೂಬೆರಿ ಕೊಯ್ದು, 9ರ ನಂತರ ಉಕ್ಕಿನ ಕ್ಯಾನ್ ತಂದು ನೀರು ಹಾಕಬಹುದು. 12 ಶುಕ್ರವಾರ, ಊರಿನ ಸಮುದಾಯ ಭವನ ದುರಸ್ತಿಯಾದ ಮೇಲೆ ಕ್ಲಿಂಟ್ ಶುಕ್ರವಾರ ಅಂಗಡಿ ತೆರೆಯುವುದಿಲ್ಲ, ಆದರೆ ಮೊದಲ ವರ್ಷದ ಬೇಸಿಗೆಯಲ್ಲಿ ನಿಮಗೆ ಆ ಅಡಚಣೆ ಬರುವ ಸಂಭವ ಕಡಿಮೆ. ಗುಡುಗು ಮಳೆಯಲ್ಲಿ ಸಿಡಿಲು ಬಡಿದು ಗಿಡ ಹಾಳಾಗಬಹುದಾದ್ದರಿಂದ ಸಾಧ್ಯವಾದರೆ ಒಂದು ಸಿಡಿಲು ಕಂಬ ನೆಟ್ಟುಕೊಳ್ಳಿ. 12ರೊಳಗೆ ಲೋಹ ಕೂಡದಿದ್ದರೆ 25ರಂದು ಕೊಟ್ಟು 27ರಂದು ತರಬಹುದು. ಆದರೆ ಆ ಹೊತ್ತಿಗೆ ಬ್ಲೂಬೆರಿಯ ಕೊನೆಯ ಕೊಯ್ಲೂ ಮುಗಿದಿರುವುದರಿಂದ ಆ ಕ್ಯಾನಿನ ಉಪಯೋಗ ಶರತ್ಕಾಲದ ಪಾತಿಗೇ ಹೊರತು ಬೇಸಿಗೆಗಲ್ಲ.